ಏಳು ಮುಖ, ಒಂದೇ ಅಳತೆ: ತಂಡದ ಪರಿಚಯದ ಸ್ಲೈಡ್ ಜೋಡಿಸುವ ಬಗೆ

ಗಂಗಾವತಿ ಕಡೆಯ ಒಂದು ರೈತ ಉತ್ಪಾದಕ ಕಂಪನಿಗೆ ಸ್ಲೈಡ್ ಮಾಡಿಕೊಟ್ಟಿದ್ದೆ. ಭತ್ತ ಬೆಳೆಯುವವರು ಸೇರಿ ಕಟ್ಟಿದ ಕಂಪನಿ. ಬ್ಯಾಂಕಿನವರ ಮುಂದೆ ಸಾಲದ ಬಗ್ಗೆ ಮಾತಾಡಬೇಕಿತ್ತು. ಎರಡನೇ ಸ್ಲೈಡಿನಲ್ಲಿ ತಂಡದ ಏಳು ಜನರ ಫೋಟೊ. ಎಲ್ಲ ಚೌಕಗಳೂ ಒಂದೇ ಅಳತೆ, ಸಾಲು ನೆಟ್ಟಗೆ, ಹೆಸರು ಕೆಳಗೆ. ಚೆನ್ನಾಗಿದೆ ಅಂದುಕೊಂಡೇ ತೋರಿಸಿದೆ. ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. "ಏನ್ರೀ, ನಾ ಅಧ್ಯಕ್ಷ. ನನ್ನ ಮುಖಾನ ಎಲ್ಲಾರಿಗಿಂತ ಸಣ್ಣದ ಕಾಣಾಕತ್ತೈತಲ್ರಿ?"

ನಿಜವೇ ಆಗಿತ್ತು. ಅವರು ರುಮಾಲು ಸುತ್ತುವವರು. ನಾನು ಪ್ರತಿ ಫೋಟೊದಲ್ಲೂ ತಲೆಯ ತುದಿ ಚೌಕದ ಮೇಲಂಚಿನಿಂದ ಒಂದೇ ದೂರದಲ್ಲಿರಲಿ, ಗದ್ದ ಒಂದೇ ಜಾಗದಲ್ಲಿರಲಿ ಅಂತ ಕತ್ತರಿಸಿದ್ದೆ. ರುಮಾಲು ಕೂಡ ತಲೆಯ ಲೆಕ್ಕಕ್ಕೆ ಸೇರಿಬಿಟ್ಟಿತ್ತು. ಅದಕ್ಕೆ ಜಾಗ ಕೊಡಲು ಹೋಗಿ ಮುಖ ಕುಗ್ಗಿತ್ತು. ಪಕ್ಕದಲ್ಲಿ ಕೂದಲು ಸಣ್ಣಗೆ ಕತ್ತರಿಸಿಕೊಂಡ ಹುಡುಗ, ನಮ್ಮ ಲೆಕ್ಕ ನೋಡುವವನು, ದೊಡ್ಡ ಮುಖ ಮಾಡಿಕೊಂಡು ಕೂತಿದ್ದ.

ಅವತ್ತಿನಿಂದ ನಾನು ತಲೆ ಅಳೆಯುವುದನ್ನು ಬಿಟ್ಟು, ಕಣ್ಣಿನಿಂದ ಗದ್ದದವರೆಗೆ ಮಾತ್ರ ಅಳೆಯುತ್ತೇನೆ. ರುಮಾಲು, ಟೋಪಿ, ಸೆರಗು, ಜಡೆ, ಬೋಳುತಲೆ, ಇವು ಯಾವುದೂ ಆ ಅಳತೆಯನ್ನು ಬದಲಿಸುವುದಿಲ್ಲ. ಈ ಬರಹದಲ್ಲಿ ಆ ಏಳು ಜನರ ಸ್ಲೈಡನ್ನೇ ಮೊದಲಿನಿಂದ ಮತ್ತೆ ಮಾಡಿ ತೋರಿಸುತ್ತೇನೆ. ಬಳಸುವುದು ಪವರ್‌ಪಾಯಿಂಟ್. ಬೇರೆ ಏನೂ ಬೇಡ.

ಫೋಟೊ ಕೈಗೆ ಬರುವ ಹೊತ್ತಿಗೆ

"ಎಲ್ಲರೂ ಒಂದೊಂದು ಫೋಟೊ ಕಳಿಸ್ರಿ" ಅಂತ ಗ್ರೂಪಿನಲ್ಲಿ ಹಾಕಿದರೆ ಏನು ಬರುತ್ತದೆ ಅಂತ ನಿಮಗೂ ಗೊತ್ತು. ಒಬ್ಬರದು ಪಾಸ್‌ಪೋರ್ಟ್ ಅಳತೆಯ ಫೋಟೊದ ಮೇಲೆ ಮತ್ತೆ ಮೊಬೈಲ್‌ನಲ್ಲಿ ತೆಗೆದದ್ದು. ಒಬ್ಬರದು ತಮ್ಮನ ಮದುವೆಯದು. ಇನ್ನೊಬ್ಬರು ಸಭೆಯ ಗುಂಪು ಫೋಟೊ ಕಳಿಸಿ "ಎಡದಿಂದ ನಾಲ್ಕನೆಯವನು ನಾನು" ಅಂತಾರೆ.

ಇದರಲ್ಲಿ ಯಾವುದು ನಡೆಯುತ್ತದೆ, ಯಾವುದು ನಡೆಯಲ್ಲ ಅನ್ನುವುದಕ್ಕೆ ಲೆಕ್ಕ ಇದೆ. ನಮ್ಮ ಸ್ಲೈಡಿನ ಅಗಲ 33.867 ಸೆಂ.ಮೀ. ಸಾಮಾನ್ಯ ಫುಲ್ ಎಚ್‌ಡಿ ಪರದೆಯ ಅಗಲ 1920 ಪಿಕ್ಸೆಲ್. ಅಂದರೆ ಸ್ಲೈಡಿನ ಒಂದು ಸೆಂಟಿಮೀಟರಿಗೆ ಸುಮಾರು 57 ಪಿಕ್ಸೆಲ್. ನಾವು ಪ್ರತಿ ಫೋಟೊವನ್ನು 4.4 ಸೆಂ.ಮೀ. ಚೌಕ ಮಾಡುತ್ತೇವೆ, ಅದರಲ್ಲಿ ಕಣ್ಣಿನಿಂದ ಗದ್ದಕ್ಕೆ 1.1 ಸೆಂ.ಮೀ. ಬರುತ್ತದೆ. ಹಾಗಾದರೆ ಮೂಲ ಫೋಟೊದಲ್ಲಿ ಕಣ್ಣಿನಿಂದ ಗದ್ದಕ್ಕೆ ಕಡಿಮೆ ಅಂದರೂ 60 ಪಿಕ್ಸೆಲ್ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಪರದೆಯ ಮೇಲೆ ಮುಖ ಮಸುಕಾಗುತ್ತದೆ.

ಗುಂಪು ಫೋಟೊ ತೆಗೆದುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿ ಬಂದ ಫೋಟೊದ ಅಗಲ 1600 ಪಿಕ್ಸೆಲ್ ಅಂದುಕೊಳ್ಳೋಣ. ಹನ್ನೆರಡು ಜನ ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರ ಪಾಲಿಗೆ ಸುಮಾರು 130 ಪಿಕ್ಸೆಲ್ ಅಗಲ, ಅದರಲ್ಲಿ ಭುಜವೂ ಬಂತು. ಕಣ್ಣಿನಿಂದ ಗದ್ದಕ್ಕೆ ಮೂವತ್ತು ಮೂವತ್ತೈದು ಪಿಕ್ಸೆಲ್ ಸಿಕ್ಕರೆ ಪುಣ್ಯ. ಅದನ್ನು ಎಳೆದು ದೊಡ್ಡದು ಮಾಡಿದರೆ ಹಿಟ್ಟು ಬಳಿದ ಹಾಗೆ ಕಾಣುತ್ತದೆ. ಅದೇ ಫೋಟೊ ಮೂಲ ಮೊಬೈಲ್‌ನಲ್ಲಿ 4000 ಪಿಕ್ಸೆಲ್ ಅಗಲ ಇರಬಹುದು. ಹಾಗಿದ್ದರೆ ಅದೇ ಮುಖ ಸಾಕಾಗುತ್ತದೆ. ಅದಕ್ಕೇ ಫೋಟೊವನ್ನು ಫೋಟೊ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ ಅಂತ ಹೇಳಬೇಕು. ಡಾಕ್ಯುಮೆಂಟ್ ಆಗಿ ಕಳಿಸಿದರೆ ಅದು ಕುಗ್ಗುವುದಿಲ್ಲ.

ಪಾಸ್‌ಪೋರ್ಟ್ ಫೋಟೊದ ತೊಂದರೆ ಬೇರೆ ಥರ. ಅದು ಸ್ಪಷ್ಟವಾಗಿಯೇ ಇರುತ್ತದೆ, ಆದರೆ ಮುಖದ ಸುತ್ತ ಜಾಗವೇ ಇರುವುದಿಲ್ಲ. 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರದ ಫೋಟೊದಲ್ಲಿ ತಲೆಯೇ ಎತ್ತರದ ಮುಕ್ಕಾಲು ಭಾಗ ತುಂಬಿರುತ್ತದೆ. ಕಣ್ಣು ನೆತ್ತಿಗೂ ಗದ್ದಕ್ಕೂ ಹೆಚ್ಚುಕಡಿಮೆ ನಡುವೆ ಇರುವುದರಿಂದ ಕಣ್ಣಿನಿಂದ ಗದ್ದಕ್ಕೆ ಸುಮಾರು 17 ಮಿ.ಮೀ. ಆಯಿತು. ನಮ್ಮ ಚೌಕದಲ್ಲಿ ಆ ಅಳತೆ ಬದಿಯ ಕಾಲು ಭಾಗ. ಅಂದರೆ 68 ಮಿ.ಮೀ. ಅಗಲದ ಫೋಟೊ ಬೇಕು, ಇರುವುದು 35. ಮುಖವನ್ನು ಉಳಿದವರ ಅಳತೆಗೆ ತಂದರೆ ಎರಡೂ ಬದಿ ಖಾಲಿ ಉಳಿಯುತ್ತದೆ, ಭುಜಗಳು ಚಾಕುವಿನಿಂದ ಕತ್ತರಿಸಿದ ಹಾಗೆ ನಿಲ್ಲುತ್ತವೆ. ಆದ್ದರಿಂದ ಒಬ್ಬರದು ಪಾಸ್‌ಪೋರ್ಟ್ ಫೋಟೊ ಆದರೆ ಎರಡೇ ದಾರಿ. ಎಲ್ಲರ ಮುಖವನ್ನೂ ಅದೇ ರೀತಿ ಬಿಗಿಯಾಗಿ ಕತ್ತರಿಸಬೇಕು, ಇಲ್ಲವೇ ಅವರದನ್ನು ಮತ್ತೆ ತೆಗೆಯಬೇಕು. ಬಿಗಿಯಾಗಿ ಕತ್ತರಿಸಿದರೆ ರುಮಾಲಿಗೆ ಜಾಗ ಇಲ್ಲ. ನಾನು ಮತ್ತೆ ತೆಗೆಸುತ್ತೇನೆ.

ಮತ್ತೆ ತೆಗೆಯುವುದಾದರೆ ಏಳು ಜನರದನ್ನೂ ಒಂದೇ ದಿನ, ಒಂದೇ ಗೋಡೆಯ ಮುಂದೆ ತೆಗೆದುಬಿಡಿ. ಅರ್ಧ ಗಂಟೆಯ ಕೆಲಸ. ನಮ್ಮ ಕಡೆಯ ಬಿಸಿಲಿನಲ್ಲಿ ಬಯಲಲ್ಲಿ ನಿಲ್ಲಿಸಬೇಡಿ. ನೆತ್ತಿಯ ಮೇಲಿನ ಬೆಳಕಿಗೆ ಕಣ್ಣಿನ ಗುಳಿ ಕಪ್ಪಾಗುತ್ತದೆ, ರುಮಾಲು ಸುತ್ತಿದವರಿಗಂತೂ ಹಣೆಯಿಂದ ಮೂಗಿನವರೆಗೆ ನೆರಳು. ಪಡಸಾಲೆಯೊಳಗೆ ನಿಲ್ಲಿಸಿ, ಮುಖ ಹೊರಗಿನ ಬೆಳಕಿನ ಕಡೆ ಇರಲಿ. ಗೋಡೆಗೆ ಒರಗಿಸಬೇಡಿ, ಒಂದು ಹೆಜ್ಜೆ ಮುಂದೆ ಬರಲಿ. ಮೊಬೈಲ್ ಅವರ ಕಣ್ಣಿನ ಎತ್ತರದಲ್ಲಿರಲಿ. ನೀವು ಎರಡು ಮೀಟರ್ ದೂರ ನಿಂತು ಎರಡು ಪಟ್ಟು ಝೂಮ್ ಮಾಡಿ. ಹತ್ತಿರ ಹೋಗಿ ತೆಗೆದರೆ ಮೂಗು ಉಬ್ಬಿ ಕಿವಿ ಹಿಂದೆ ಸರಿದ ಹಾಗೆ ಬರುತ್ತದೆ. ಸೊಂಟದವರೆಗೆ ತೆಗೆಯಿರಿ. ಕತ್ತರಿಸುವುದು ನಮ್ಮ ಕೈಯಲ್ಲಿದೆ, ಇಲ್ಲದ್ದನ್ನು ಸೇರಿಸುವುದು ಇಲ್ಲ.

ತಲೆ ಸ್ವಲ್ಪ ವಾಲಿದ್ದರೆ ಅದನ್ನು ಮೊಬೈಲ್‌ನ ಗ್ಯಾಲರಿಯಲ್ಲೇ ನೇರ ಮಾಡಿಕೊಳ್ಳಿ. ಪವರ್‌ಪಾಯಿಂಟ್‌ನಲ್ಲಿ ಫೋಟೊ ತಿರುಗಿಸಿದರೆ ಅದರ ಚೌಕವೂ ಜೊತೆಗೆ ತಿರುಗುತ್ತದೆ.

ಕತ್ತರಿಸುವುದಕ್ಕೆ ಬೇರೆಯೇ ಫೈಲ್

ಕೊನೆಯ ಸ್ಲೈಡಿನ ಮೇಲೆಯೇ ಕೂತು ಕತ್ತರಿಸಬೇಡಿ. ಅಲ್ಲಿ ಫೋಟೊ ಚಿಕ್ಕದು, ಪಕ್ಕದವರ ಫೋಟೊ ಅಡ್ಡ ಬರುತ್ತದೆ, ಅಂದಾಜಿನ ಮೇಲೆ ಕೆಲಸ ನಡೆಯುತ್ತದೆ. ಒಂದು ಹೊಸ ಫೈಲ್ ತೆರೆಯಿರಿ, `Design` ಅಡಿಯಲ್ಲಿ `Slide Size` ಒತ್ತಿ `Widescreen (16:9)` ಇದೆಯೇ ನೋಡಿ. ಏಳು ಖಾಲಿ ಸ್ಲೈಡ್ ಮಾಡಿ. ಒಬ್ಬರಿಗೆ ಒಂದು ಸ್ಲೈಡ್. ಇದಕ್ಕೆ ನಾನು "ಅಚ್ಚಿನ ಫೈಲ್" ಅಂತೇನೆ.

ಈಗ Alt+F9 ಒತ್ತಿ. ಸ್ಲೈಡಿನ ನಡುವೆ ಒಂದು ಅಡ್ಡ, ಒಂದು ಉದ್ದ ಚುಕ್ಕೆಗೆರೆ ಬರುತ್ತದೆ. ಈ ಗೆರೆಗಳ ಅಳತೆ ಸ್ಲೈಡಿನ ಮಧ್ಯದಿಂದ ಶುರುವಾಗುತ್ತದೆ, ಮಧ್ಯ ಅಂದರೆ ಸೊನ್ನೆ. ಇದು ನಮಗೆ ತುಂಬ ಅನುಕೂಲ. ನಮ್ಮ 4.4 ಸೆಂ.ಮೀ. ಚೌಕವನ್ನು ಸ್ಲೈಡಿನ ನಟ್ಟನಡುವೆ ಇಟ್ಟರೆ ಅದು ಮಧ್ಯದಿಂದ 2.2 ಮೇಲಕ್ಕೂ 2.2 ಕೆಳಕ್ಕೂ ಹರಡುತ್ತದೆ. ಆ ಚೌಕದಲ್ಲಿ ಕಣ್ಣು ಮೇಲಂಚಿನಿಂದ 1.9 ಸೆಂ.ಮೀ. ಕೆಳಗೆ, ಗದ್ದ 3.0 ಸೆಂ.ಮೀ. ಕೆಳಗೆ ಬರಲಿ ಅಂತ ನನ್ನ ತೀರ್ಮಾನ. ಹಾಗಾಗಿ ಅಡ್ಡಗೆರೆಯನ್ನು ಮಧ್ಯದಿಂದ 0.3 ಮೇಲಕ್ಕೆ ಎಳೆಯಿರಿ. ಅದು ಕಣ್ಣಿನ ಗೆರೆ. Ctrl ಒತ್ತಿ ಹಿಡಿದು ಅದೇ ಗೆರೆಯನ್ನು ಮತ್ತೆ ಎಳೆದರೆ ಇನ್ನೊಂದು ಗೆರೆ ಹುಟ್ಟುತ್ತದೆ. ಅದನ್ನು ಮಧ್ಯದಿಂದ 0.8 ಕೆಳಗೆ ಬಿಡಿ. ಅದು ಗದ್ದದ ಗೆರೆ. ಉದ್ದಗೆರೆ ಸೊನ್ನೆಯಲ್ಲೇ ಇರಲಿ. ಗೆರೆ ಜಿಗಿಜಿಗಿದು ಹೋಗುತ್ತಿದ್ದರೆ Alt ಹಿಡಿದು ಎಳೆಯಿರಿ, ಸಣ್ಣ ಸಣ್ಣದಾಗಿ ಸರಿಯುತ್ತದೆ. ಒಂದು ಸ್ಲೈಡಿನಲ್ಲಿ ಇಟ್ಟ ಗೆರೆ ಏಳರಲ್ಲೂ ಕಾಣುತ್ತದೆ.

0.3 ಮತ್ತು 0.8 ಯಾಕೆ? ಕಣ್ಣಿನಿಂದ ಗದ್ದಕ್ಕೆ 1.1 ಆದರೆ ಕಣ್ಣಿನಿಂದ ನೆತ್ತಿಗೂ ಹೆಚ್ಚುಕಡಿಮೆ ಅಷ್ಟೇ. ನೆತ್ತಿಯ ಮೇಲೆ ಇನ್ನೂ 0.8 ಸೆಂ.ಮೀ. ಉಳಿಯುತ್ತದೆ. ಅಷ್ಟು ಜಾಗದಲ್ಲಿ ಅಧ್ಯಕ್ಷರ ರುಮಾಲು ಆರಾಮಾಗಿ ಕೂತಿತು. ಗದ್ದದ ಕೆಳಗೆ 1.4 ಸೆಂ.ಮೀ. ಸಿಗುತ್ತದೆ, ಕತ್ತು, ಕಾಲರ್, ಭುಜದ ಇಳಿಜಾರು ಬರುತ್ತದೆ. ನಿಮ್ಮ ತಂಡದಲ್ಲಿ ದೊಡ್ಡ ಪೇಟ ಸುತ್ತುವವರಿದ್ದರೆ ಎರಡೂ ಗೆರೆಗಳನ್ನು 0.2 ಕೆಳಗೆ ಇಳಿಸಿ. ಆದರೆ ಎರಡರ ನಡುವಿನ 1.1 ಬದಲಾಗಬಾರದು, ಮತ್ತು ಇಳಿಸಿದರೆ ಏಳೂ ಜನಕ್ಕೆ ಇಳಿಸಬೇಕು.

ಒಂದು ಫೋಟೊ, ಮೊದಲಿನಿಂದ ಕೊನೆಯವರೆಗೆ

ಅಧ್ಯಕ್ಷರ ಫೋಟೊವನ್ನೇ ತೆಗೆದುಕೊಳ್ಳೋಣ. ಮೊದಲ ಸ್ಲೈಡಿಗೆ ಹಾಕಿ. ಫೋಟೊ ಆರಿಸಿ `Picture Format` ತೆರೆಯಿರಿ. `Crop` ಕೆಳಗಿನ ಸಣ್ಣ ಬಾಣ ಒತ್ತಿ, `Aspect Ratio`, ಅದರಲ್ಲಿ `1:1`. ಹೊರಗೆ ಎಲ್ಲಾದರೂ ಒತ್ತಿದರೆ ಫೋಟೊ ಚೌಕವಾಗುತ್ತದೆ. ಮುಖ ಸದ್ಯಕ್ಕೆ ಎಲ್ಲಿಗೋ ಹೋಗಿರುತ್ತದೆ, ಇರಲಿ ಬಿಡಿ.

ಬಲ ತುದಿಯಲ್ಲಿರುವ ಎತ್ತರ, ಅಗಲದ ಬಾಕ್ಸಿನಲ್ಲಿ `4.4 cm` ಅಂತ ಟೈಪ್ ಮಾಡಿ. ಕೆಲವು ಕಂಪ್ಯೂಟರ್‌ಗಳಲ್ಲಿ ಅಳತೆ ಇಂಚಿನಲ್ಲಿ ತೋರಿಸುತ್ತದೆ. `cm` ಸೇರಿಸಿ ಬರೆದರೆ ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ನಂತರ `Align` ಒತ್ತಿ `Align Center`, ಮತ್ತೆ `Align Middle`. ಚೌಕ ಈಗ ನಟ್ಟನಡುವೆ. ಪರದೆಯ ಕೆಳಗಿನ ಝೂಮ್ 200 ಅಥವಾ 300ಕ್ಕೆ ಏರಿಸಿ.

ಮತ್ತೆ `Crop` ಒತ್ತಿ. ಈಗ ಎರಡು ಬಗೆಯ ಹಿಡಿಕೆ ಕಾಣುತ್ತವೆ. ಕಪ್ಪು ದಪ್ಪ ಮೂಲೆಗಳು ಚೌಕದವು. ಬಿಳಿ ದುಂಡಗಿನವು ಒಳಗಿನ ಫೋಟೊದವು. ಕಪ್ಪನ್ನು ಮುಟ್ಟಲೇಬೇಡಿ. ಎಲ್ಲ ಎಡವಟ್ಟೂ ಆಗುವುದು ಅಲ್ಲೇ. ಬಿಳಿ ಮೂಲೆಯನ್ನು Shift ಹಿಡಿದು ಎಳೆದು ಫೋಟೊ ದೊಡ್ಡದು ಚಿಕ್ಕದು ಮಾಡಿ. ಫೋಟೊದ ನಡುವೆ ಹಿಡಿದು ಎಳೆದರೆ ಅದು ಚೌಕದೊಳಗೆ ಜಾರುತ್ತದೆ. ಮೊದಲು ಕಣ್ಣಿನ ಪಾಪೆಯನ್ನು ಮೇಲಿನ ಗೆರೆಗೆ ತನ್ನಿ. ಗದ್ದ ಎಲ್ಲಿದೆ ನೋಡಿ. ಗೆರೆಗಿಂತ ಕೆಳಗಿದ್ದರೆ ಫೋಟೊ ದೊಡ್ಡದಾಗಿದೆ, ಕುಗ್ಗಿಸಿ. ಮೇಲಿದ್ದರೆ ಹಿಗ್ಗಿಸಿ. ಪ್ರತಿ ಸಲ ಕುಗ್ಗಿಸಿದಾಗ ಕಣ್ಣು ಜಾಗ ಬಿಡುತ್ತದೆ, ಮತ್ತೆ ತಂದು ಕೂರಿಸಬೇಕು. ಮೂರ್ನಾಲ್ಕು ಸಲದಲ್ಲಿ ಎರಡೂ ಕೂಡುತ್ತವೆ. ಕೊನೆಗೆ ಎರಡು ಕಣ್ಣಿನ ನಡುವಿನ ಜಾಗ ಉದ್ದಗೆರೆಯ ಮೇಲೆ ಬರಲಿ.

ಗಡ್ಡ ಬಿಟ್ಟವರದು? ಗಡ್ಡದ ತುದಿ ಗದ್ದ ಅಲ್ಲ. ನಮ್ಮ ಗೋದಾಮು ನೋಡಿಕೊಳ್ಳುವವರಿಗೆ ಚೆನ್ನಾಗಿ ಗಡ್ಡ ಇದೆ. ಅಲ್ಲಿ ನಾನು ಬಾಯಿಯನ್ನು ಹಿಡಿಯುತ್ತೇನೆ. ಬಾಯಿಯ ಗೆರೆ ಕಣ್ಣಿನಿಂದ ಗದ್ದಕ್ಕೆ ಹೋಗುವ ದಾರಿಯಲ್ಲಿ ಮೂರನೇ ಎರಡು ಭಾಗದ ಸುಮಾರಿಗೆ ಸಿಗುತ್ತದೆ. ಅಂದರೆ ನಮ್ಮ ಅಳತೆಯಲ್ಲಿ ಕಣ್ಣಿನ ಗೆರೆಯಿಂದ 0.7 ಸೆಂ.ಮೀ. ಕೆಳಗೆ. ಬಾಯಿ ತೆರೆದು ನಗುತ್ತಿರುವ ಫೋಟೊಕ್ಕೂ ಇದೇ ಉಪಾಯ, ಯಾಕೆಂದರೆ ನಕ್ಕಾಗ ಗದ್ದ ಕೆಳಗಿಳಿದಿರುತ್ತದೆ. ಆಗ ಮೇಲಿನ ತುಟಿಯನ್ನು ನೋಡಿ ಅಂದಾಜು ಮಾಡಿ.

ಮುಗಿದ ಮೇಲೆ ಹೊರಗೆ ಒತ್ತಿ, ಮತ್ತೆ ಫೋಟೊ ಆರಿಸಿ ಅಳತೆ ನೋಡಿ. ಎರಡೂ ಬಾಕ್ಸಿನಲ್ಲಿ 4.4 ಇರಬೇಕು. 4.37 ಅಥವಾ 4.52 ಇದ್ದರೆ ಕಪ್ಪು ಮೂಲೆಗೆ ಕೈ ತಾಗಿದೆ ಅಂತ ಅರ್ಥ. Ctrl+Z ಒತ್ತಿ ಹಿಂದಕ್ಕೆ ಹೋಗುವುದೇ ಬೇಗ.

ಏಳೂ ಮುಗಿದ ಮೇಲೆ ಒಂದು ಪರೀಕ್ಷೆ ಇದೆ. ಗೆರೆಗಳನ್ನು Alt+F9 ಒತ್ತಿ ಮರೆಮಾಡಿ. F5 ಒತ್ತಿ ಸ್ಲೈಡ್ ಶೋ ಹಚ್ಚಿ, ಬಾಣದ ಕೀ ಒತ್ತುತ್ತ ಮೊದಲಿನಿಂದ ಕೊನೆಯವರೆಗೆ ಬೇಗ ಬೇಗ ಓಡಿಸಿ. ಎಲ್ಲ ಫೋಟೊಗಳೂ ಒಂದೇ ಜಾಗದಲ್ಲಿವೆ. ಸರಿಯಾಗಿ ಕತ್ತರಿಸಿದ್ದರೆ ಮುಖ ಬದಲಾಗುತ್ತದೆ, ಕಣ್ಣು ಅಲ್ಲೇ ನಿಲ್ಲುತ್ತದೆ. ತಪ್ಪಿದ್ದರೆ ಒಂದು ಮುಖ ಎದ್ದು ಜಿಗಿದ ಹಾಗೆ, ಇಲ್ಲವೇ ಮುಂದೆ ನುಗ್ಗಿ ಬಂದ ಹಾಗೆ ಕಾಣುತ್ತದೆ. ಪಕ್ಕಪಕ್ಕ ಇಟ್ಟು ಅರ್ಧ ಗಂಟೆ ನೋಡಿದರೂ ಕಾಣದ ತಪ್ಪು ಇಲ್ಲಿ ಎರಡು ಸೆಕೆಂಡಿನಲ್ಲಿ ಸಿಕ್ಕಿಬೀಳುತ್ತದೆ. ನನಗೆ ಮೊದಲ ಸಲ ಎರಡು ಫೋಟೊ ಜಿಗಿದವು. ಎರಡೂ ನಗುತ್ತಿದ್ದವರದು.

ಪವರ್‌ಪಾಯಿಂಟ್‌ನಲ್ಲಿ ಸಿದ್ಧ ಚಿತ್ರದ ಚೌಕಟ್ಟು ಇರುವ ವಿನ್ಯಾಸಗಳಿವೆ, ಅದನ್ನು ಬಳಸಿದರೆ ಸಾಲದೇ ಅಂತ ಕೇಳುತ್ತಾರೆ. ಅದು ಫೋಟೊವನ್ನು ಚೌಕಟ್ಟಿಗೆ ತುಂಬಿಸಿ ನಡುಭಾಗ ಮಾತ್ರ ಉಳಿಸಿಕೊಳ್ಳುತ್ತದೆ. ಸೊಂಟದವರೆಗಿನ ಫೋಟೊದ ನಡುಭಾಗ ಅಂದರೆ ಎದೆ. ಚೌಕಟ್ಟಿನ ಅಳತೆ ಒಂದೇ ಇರುತ್ತದೆ ನಿಜ, ಮುಖದ ಅಳತೆಯನ್ನು ಅದು ನೋಡುವುದೇ ಇಲ್ಲ.

ದುಂಡಗೆ ಬೇಡ

ಈಗೆಲ್ಲ ದುಂಡು ಫೋಟೊದ ಗೀಳು. ಒಂದೇ ಅಳತೆಯ ಚೌಕದೊಳಗೆ ವೃತ್ತ ಬರೆದರೆ ನೂರಕ್ಕೆ ಇಪ್ಪತ್ತೊಂದು ಭಾಗಕ್ಕಿಂತ ಜಾಸ್ತಿ ಜಾಗ ಹೋಗುತ್ತದೆ. ಹೋಗುವುದು ಪೂರ್ತಿ ಮೂಲೆಗಳಲ್ಲಿ. ಮೇಲಿನ ಮೂಲೆಗಳಲ್ಲಿ ರುಮಾಲಿನ ಅಂಚು, ತಲೆಯ ಮೇಲಿನ ಸೆರಗು ಇರುತ್ತವೆ. ಕೆಳಗಿನ ಮೂಲೆಗಳಲ್ಲಿ ಭುಜ. ನಮ್ಮ ನಿರ್ದೇಶಕಿ ತಲೆ ಮೇಲೆ ಸೆರಗು ಹೊದ್ದ ಫೋಟೊ ಕೊಟ್ಟಿದ್ದರು. ದುಂಡಗೆ ಕತ್ತರಿಸಿ ನೋಡಿದೆ, ಇಳಕಲ್ ಸೀರೆಯ ಅಂಚು ಎರಡೂ ಕಡೆ ತುಂಡಾಯಿತು. ಚೌಕದಲ್ಲಿ ಪೂರ್ತಿ ಬಂತು. ಕ್ರಾಪ್ ಕಟ್ಟುನಿಟ್ಟು ಕಾಣಬಾರದು ಅನ್ನುವವರು ಮೂಲೆ ಸ್ವಲ್ಪ ಮಾತ್ರ ದುಂಡಾದ ಚೌಕ ಬಳಸಲಿ. `Crop to Shape` ಅಡಿಯಲ್ಲಿ ಅದು ಸಿಗುತ್ತದೆ.

ಇನ್ನೊಂದು ಗೀಳು, ಎಡಕ್ಕೆ ನೋಡುವ ಮುಖವನ್ನು ಕನ್ನಡಿಯಂತೆ ತಿರುಗಿಸಿ ಬಲಕ್ಕೆ ನೋಡಿಸುವುದು. ಮಾಡಬೇಡಿ. ಶರ್ಟಿನ ಜೇಬು ಬಲಕ್ಕೆ ಹೋಗುತ್ತದೆ, ಸೆರಗು ಇನ್ನೊಂದು ಭುಜಕ್ಕೆ ಹೋಗುತ್ತದೆ, ಕೆನ್ನೆಯ ಮಚ್ಚೆ ಜಾಗ ಬದಲಿಸುತ್ತದೆ. ಬೇರೆಯವರಿಗೆ ಗೊತ್ತಾಗಲ್ಲ, ಆ ವ್ಯಕ್ತಿಗೆ ತಕ್ಷಣ ಗೊತ್ತಾಗುತ್ತದೆ.

ಹಿನ್ನೆಲೆ ಬೇರೆ ಬೇರೆ ಬಣ್ಣ ಇದ್ದರೆ ಅಳಿಸಿಬಿಡುವ ಆಸೆಯಾಗುತ್ತದೆ. `Remove Background` ಬಿಳಿ ರುಮಾಲು ಮತ್ತು ಬಿಳಿ ಗೋಡೆ ಇರುವಲ್ಲಿ ರುಮಾಲನ್ನೇ ತಿಂದುಹಾಕುತ್ತದೆ. ಮತ್ತೆ ತೆಗೆಸಲು ಆಗದೇ ಇದ್ದಾಗ ನಾನು ಎಲ್ಲ ಫೋಟೊಗಳನ್ನೂ `Color` ಅಡಿಯ `Grayscale`ಗೆ ಹಾಕುತ್ತೇನೆ. ಬಣ್ಣ ಹೋದರೆ ಹಿನ್ನೆಲೆಯ ಜಗಳ ಮುಕ್ಕಾಲು ಪಾಲು ನಿಲ್ಲುತ್ತದೆ. ಆದರೆ ಸಂಘದ ಹೆಂಗಸರಿಗೆ ಇದು ಇಷ್ಟವಾಗುವುದಿಲ್ಲ, "ಹಾರ ಹಾಕೋ ಫೋಟೊ ಆತಲ್ರಿ" ಅಂತ ಒಬ್ಬರು ಅಂದೇಬಿಟ್ಟರು. ಕೇಳಿಯೇ ಮಾಡಿ.

ಸ್ಲೈಡಿನ ಮೇಲೆ ಕೂರಿಸುವುದು

ಏಳು ಜನ. ಒಂದೇ ಸಾಲಿಗೆ ಜಾಸ್ತಿ. ಮೇಲೆ ನಾಲ್ಕು, ಕೆಳಗೆ ಮೂರು. ಕೆಳಗಿನ ಮೂವರನ್ನು ಎಡಕ್ಕೆ ಒತ್ತಿ ಇಟ್ಟರೆ ಬಲ ತುದಿಯಲ್ಲಿ ಯಾರೋ ಬರಬೇಕಿತ್ತು, ಬಂದಿಲ್ಲ ಅನಿಸುತ್ತದೆ. ನಡುವೆ ಇಡುವುದು ಸರಿ.

ಅಗಲವನ್ನು ಫೋಟೊ ನೋಡಿ ಹಂಚಬೇಡಿ, ಅಕ್ಷರ ನೋಡಿ ಹಂಚಿ. ಫೋಟೊಕ್ಕೆ 4.4 ಸಾಕು, ಆದರೆ "ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ" ಅನ್ನುವುದಕ್ಕೆ 4.4ರಲ್ಲಿ ಮೂರು ಸಾಲು ಬೇಕಾಗುತ್ತದೆ. ನಾನು ಹೆಸರಿನ ಬಾಕ್ಸ್ 6.8 ಸೆಂ.ಮೀ. ಅಗಲ, 2.5 ಎತ್ತರ ಇಟ್ಟೆ, ಎರಡು ಬಾಕ್ಸ್ ನಡುವೆ 0.8 ಸಂದು. ನಾಲ್ಕು ಬಾಕ್ಸ್, ಮೂರು ಸಂದು ಸೇರಿ 29.6. ಸ್ಲೈಡಿನ 33.867ರಲ್ಲಿ ಉಳಿದದ್ದನ್ನು ಎರಡು ಬದಿಗೆ ಹಂಚಿದರೆ ಒಂದೊಂದು ಕಡೆ 2.13. ಬಾಕ್ಸಿನ ನಡುವೆ ಫೋಟೊ ಬರಬೇಕಾದರೆ ಬಾಕ್ಸಿನ ಎಡ ಅಂಚಿನಿಂದ 1.2 ಒಳಗೆ. ಇಷ್ಟೇ ಲೆಕ್ಕ. ಸಂಖ್ಯೆಗಳು ಹೀಗೆ ಬರುತ್ತವೆ:

| ಸಾಲು | ಫೋಟೊದ ಎಡ ಅಂಚು | ಫೋಟೊದ ಮೇಲಂಚು | ಹೆಸರಿನ ಬಾಕ್ಸಿನ ಎಡ ಅಂಚು | ಬಾಕ್ಸಿನ ಮೇಲಂಚು |
|---|---|---|---|---|
| ಮೇಲಿನ ನಾಲ್ವರು | 3.33, 10.93, 18.53, 26.13 | 3.2 | 2.13, 9.73, 17.33, 24.93 | 7.8 |
| ಕೆಳಗಿನ ಮೂವರು | 7.13, 14.73, 22.33 | 10.7 | 5.93, 13.53, 21.13 | 15.3 |

ಅಚ್ಚಿನ ಫೈಲಿನಿಂದ ಒಂದೊಂದೇ ಫೋಟೊ ನಕಲು ಮಾಡಿ ಇಲ್ಲಿ ಅಂಟಿಸಿ. ಫೋಟೊ ಮೇಲೆ ಬಲಗಡೆ ಒತ್ತಿ `Size and Position` ತೆರೆದರೆ `Horizontal position`, `Vertical position` ಸಿಗುತ್ತವೆ. ಪಕ್ಕದಲ್ಲಿ `Top Left Corner` ಇರಬೇಕು. ಸಂಖ್ಯೆ ಟೈಪ್ ಮಾಡಿ. ಇಲಿ ಹಿಡಿದು ಎಳೆಯುವುದಕ್ಕಿಂತ ಇದು ಬೇಗ, ನಂಬಿ.

ಶೀರ್ಷಿಕೆಗೆ ಮೇಲೆ 3 ಸೆಂ.ಮೀ. ಸಿಕ್ಕಿದೆ. "ನಮ್ಮ ತಂಡ" ಅಂತ ಒಂದೇ ಸಾಲು ಸಾಕು.

ಹೆಸರು, ಕೆಲಸ

ಹೆಸರು 18 ಪಾಯಿಂಟ್ ದಪ್ಪ ಅಕ್ಷರ, ಕೆಲಸ 14 ಪಾಯಿಂಟ್ ಸಾದಾ. ಎರಡೂ ನಡುವೆ, ಬಾಕ್ಸಿನ ಮೇಲಂಚಿಗೆ ಹತ್ತಿರ. ಬಾಕ್ಸಿನೊಳಗೆ ಅಕ್ಷರವನ್ನು ಮೇಲಕ್ಕೆ ಕಟ್ಟಬೇಕು, ಇಲ್ಲದಿದ್ದರೆ ಒಂದು ಸಾಲಿನ ಕೆಲಸ ಇರುವವರ ಹೆಸರು ಕೆಳಗೆ ಇಳಿದು, ಎರಡು ಸಾಲಿನವರ ಹೆಸರು ಮೇಲೇರಿ, ಫೋಟೊದಲ್ಲಿ ಕಷ್ಟಪಟ್ಟು ತಂದ ಸಾಲು ಅಕ್ಷರದಲ್ಲಿ ಕೆಡುತ್ತದೆ.

ನಮ್ಮ ಕಡೆ ಹೆಸರು ಬರೆಯುವ ರೀತಿ ಹತ್ತಾರು. ಒಬ್ಬರು ಇನಿಷಿಯಲ್ ಮುಂದೆ ಹಾಕುತ್ತಾರೆ, ಒಬ್ಬರು ಅಡ್ಡಹೆಸರು ಕೊನೆಗೆ, ಒಬ್ಬರು ತಂದೆಯ ಹೆಸರನ್ನೂ ನಡುವೆ ಪೂರ್ತಿ ಬರೆಯುತ್ತಾರೆ. ಸ್ಲೈಡಿನಲ್ಲಿ ಒಂದೇ ಕ್ರಮ ಇರಲಿ. ನಾನು ಸ್ವಂತ ಹೆಸರು, ಆಮೇಲೆ ಅಡ್ಡಹೆಸರು ಇಟ್ಟೆ. ಶ್ರೀ, ಶ್ರೀಮತಿ ಹಾಕಿದರೆ ಏಳೂ ಜನಕ್ಕೆ ಹಾಕಿ, ಇಲ್ಲ ಯಾರಿಗೂ ಬೇಡ.

ಕೆಲಸ ಬರೆಯುವಾಗ ಬರೀ ಹುದ್ದೆ ಬರೆದರೆ ಬ್ಯಾಂಕಿನವರಿಗೆ ಏನೂ ಗೊತ್ತಾಗುವುದಿಲ್ಲ. ನಮ್ಮ ಏಳರಲ್ಲಿ ಮೂವರು "ನಿರ್ದೇಶಕರು". ಮೂರು ಸಲ ಅದೇ ಪದ ಓದಿದ ಮೇಲೆ ಯಾರನ್ನು ಏನು ಕೇಳಬೇಕು? ಅದಕ್ಕೆ ಬದಲಾಗಿ ಹೀಗೆ ಬರೆದೆವು: "ನಿರ್ದೇಶಕರು, ಭತ್ತ ಖರೀದಿ", "ನಿರ್ದೇಶಕರು, ಗೋದಾಮು", "ನಿರ್ದೇಶಕಿ, ಮಹಿಳಾ ಸದಸ್ಯರು". ಎರಡು ಸಾಲು ಮೀರಬಾರದು. ಮೀರಿದರೆ ಅಕ್ಷರ ಕುಗ್ಗಿಸಬೇಡಿ, ಮಾತು ಕುಗ್ಗಿಸಿ. ಒಬ್ಬರದು ಮಾತ್ರ 12 ಪಾಯಿಂಟ್ ಆದರೆ ಅವರ ಕೆಲಸವೇ ಸಣ್ಣದು ಅನ್ನುವ ಹಾಗೆ ಕಾಣುತ್ತದೆ. ಪವರ್‌ಪಾಯಿಂಟ್ ಹೇಳದೇ ಕೇಳದೇ ಕುಗ್ಗಿಸುವುದೂ ಉಂಟು. `Format Shape` ಅಡಿಯ `Text Options`ನಲ್ಲಿ `Do not Autofit` ಆರಿಸಿ.

ಅಕ್ಷರಕ್ಕೆ ವಿಂಡೋಸ್‌ನಲ್ಲಿ ಸಿಗುವ `Nirmala UI` ಸಾಕು. ಹಳೆಯ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಟೈಪ್ ಮಾಡಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಧ್ಯಕ್ಷರ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಸಾಲುಗಳ ನಡುವಿನ ಅಂತರವನ್ನೂ ಬಿಗಿ ಮಾಡಬೇಡಿ. ಕನ್ನಡದ ಒತ್ತಕ್ಷರ ಕೆಳಗಿಳಿಯುತ್ತದೆ, ಕೆಳಸಾಲಿನ ಗುಡಿಸಿಗೆ ಬಡಿಯುತ್ತದೆ.

ಯಾರು ಮೊದಲು? ಅಧ್ಯಕ್ಷರು ಮೇಲೆ ಎಡಕ್ಕೆ, ಅದರಲ್ಲಿ ಮಾತಿಲ್ಲ. ಆಮೇಲೆ ವಯಸ್ಸಿನ ಕ್ರಮವೋ ಹುದ್ದೆಯ ಕ್ರಮವೋ ಅಂತ ಜಗಳ ಬರುತ್ತದೆ. ಸಭೆಯಲ್ಲಿ ಮಾತಾಡುವವರು ಮೇಲಿನ ಸಾಲು ಅಂತ ಹೇಳಿದೆ, ಒಪ್ಪಿಕೊಂಡರು.

ಫೋಟೊ ಕೊಡದವರು

ಕೆಲವು ತಂಡಗಳಲ್ಲಿ ಯಾರಾದರೊಬ್ಬರು ಫೋಟೊ ಬೇಡ ಅನ್ನುವುದುಂಟು. ಬೂದು ಬಣ್ಣದ ನೆರಳು ಮನುಷ್ಯನ ಚಿತ್ರ ಹಾಕಿದರೆ ಕೆಲಸ ಅರ್ಧಕ್ಕೆ ನಿಂತ ಹಾಗೆ ಕಾಣುತ್ತದೆ, ಅದೂ ಗಂಡಸಿನ ಆಕಾರದ್ದೇ ಇರುತ್ತದೆ. ಬದಲಿಗೆ 4.4 ಸೆಂ.ಮೀ. ಬಣ್ಣದ ಚೌಕ ಇಟ್ಟು ಅದರ ನಡುವೆ ಹೆಸರಿನ ಮೊದಲ ಅಕ್ಷರ ದೊಡ್ಡದಾಗಿ ಬರೆಯಿರಿ. ಮೊದಲ ಅಕ್ಷರ ಅಂದರೆ ಪೂರ್ತಿ ಅಕ್ಷರ. ಹೆಸರು "ಶ್ರೀ"ಯಿಂದ ಶುರುವಾದರೆ "ಶ್ರೀ" ಅಂತಲೇ ಬರೆಯಬೇಕು, ಬರೀ "ಶ" ಅಲ್ಲ. ಆ ಅಕ್ಷರ ಚೌಕದ ಮಧ್ಯಕ್ಕಿಂತ ತುಸು ಮೇಲೆ, ಪಕ್ಕದವರ ಕಣ್ಣಿನ ಸಾಲಿಗೆ ಬಂದರೆ ಇನ್ನೂ ಚೆಂದ.

ಕಳಿಸುವ ಮೊದಲು

ಕತ್ತರಿಸಿದ ಭಾಗ ಎಲ್ಲಿಯೂ ಹೋಗಿರುವುದಿಲ್ಲ. ಫೈಲಿನೊಳಗೇ ಅಡಗಿರುತ್ತದೆ. ಯಾರಾದರೂ ಫೋಟೊ ಮೇಲೆ `Crop` ಒತ್ತಿದರೆ ಮದುವೆ ಮನೆಯ ಹಿಂದಿನವರೂ ಕಾಣುತ್ತಾರೆ, ಗುರುತಿನ ಚೀಟಿಯಿಂದ ಮುಖ ತೆಗೆದಿದ್ದರೆ ಅದರ ನಂಬರೂ ಕಾಣುತ್ತದೆ. ಇದು ಹಲವರಿಗೆ ಗೊತ್ತೇ ಇಲ್ಲ. ಯಾವುದಾದರೂ ಒಂದು ಫೋಟೊ ಆರಿಸಿ `Compress Pictures` ಒತ್ತಿ. `Apply only to this picture` ಮುಂದಿನ ಗುರುತು ತೆಗೆಯಿರಿ, `Delete cropped areas of pictures` ಮುಂದೆ ಗುರುತು ಇರಲಿ. ಪರದೆಗೆ ಮಾತ್ರ ಆದರೆ 150 ಪಿಪಿಐ ಸಾಕು, ಕಾಗದದ ಮೇಲೆ ಮುದ್ರಿಸುವುದಿದ್ದರೆ 220 ಇಡಿ. ನಾಲ್ಕು ಎಂಬಿಯ ಏಳು ಫೋಟೊ ಸೇರಿ 28 ಎಂಬಿ ಆಗುವ ಫೈಲು ಇದರಿಂದ ಒಂದೆರಡು ಎಂಬಿಗೆ ಇಳಿಯಬಹುದು.

ಉಳಿಸಿ, ಮುಚ್ಚಿ, ಮತ್ತೆ ತೆರೆಯಿರಿ. ಒಂದು ಫೋಟೊ ಮೇಲೆ `Crop` ಒತ್ತಿ ನೋಡಿ. ಸುತ್ತ ಮಂಕಾದ ಭಾಗ ಕಾಣದೇ ಇದ್ದರೆ ಅಳಿಸಿದೆ ಅಂತ ಅರ್ಥ. ಇದನ್ನು ಕೊನೆಯ ಫೈಲಿಗೆ ಮಾತ್ರ ಮಾಡಿ. ಅಚ್ಚಿನ ಫೈಲನ್ನು ಹಾಗೇ ಎತ್ತಿಡಿ.

ಯಾಕೆಂದರೆ ಮೂರು ತಿಂಗಳಿಗೆ ಲೆಕ್ಕದ ಹುಡುಗ ಬೇರೆ ಕೆಲಸಕ್ಕೆ ಹೋದ, ಅವನ ಜಾಗಕ್ಕೆ ಒಬ್ಬ ಹುಡುಗಿ ಬಂದಳು. ಕೊನೆಯ ಸ್ಲೈಡಿನಲ್ಲೇ `Change Picture` ಒತ್ತಿದರೆ ಚೌಕದ ಜಾಗ ಉಳಿಯುತ್ತದೆ, ಆದರೆ ಹೊಸ ಮುಖ ಹಳೆಯ ಅಳತೆಗೆ ಬರುವುದಿಲ್ಲ. ಅಚ್ಚಿನ ಫೈಲಿನಲ್ಲಿ ಎಂಟನೇ ಸ್ಲೈಡ್ ಸೇರಿಸಿ ಅಲ್ಲಿ ಕತ್ತರಿಸಿದೆ, ಹಳೆಯ ಫೋಟೊ ಅಳಿಸಿ 26.13 ಮತ್ತು 3.2 ಅಂತ ಟೈಪ್ ಮಾಡಿದೆ. ಅಧ್ಯಕ್ಷರು ಅವತ್ತೂ ಬಗ್ಗಿ ನೋಡಿದರು, ತಮ್ಮ ಫೋಟೊವನ್ನೇ.